ಬೆರಳುದ್ದದ ತಂತಿ

ಆ ಕಾರ್ಖಾನೆಯಲ್ಲಿ ಅಳತೆಯಕ್ಕನ ಬಾಯಿಗೆ ಹೆದರದವರು ಇರಲಿಲ್ಲ. ಹೊರಗಿನಿಂದ ಬರುವ ಪ್ರತಿಯೊಂದು ಬಿಡಿಭಾಗವೂ ಮಹಡಿಯ ಮೇಲಿನ ಅವಳ ತಪಾಸಣೆ ಕೋಣೆಯನ್ನು ಹಾದೇ ಕೆಳಗೆ ಜೋಡಣೆಯ ಸಾಲಿಗೆ ಹೋಗಬೇಕು. ಗೇಟು ತೆರೆಯುವ ರಿಮೋಟುಗಳ ರಿಸೀವರ್ ಮಾಡುವ ಕಾರ್ಖಾನೆ ಅದು. ಅಲ್ಲಿನ ಭಾಗಗಳೆಲ್ಲ ಸಾಸಿವೆಗಿಂತ ತುಸು ದೊಡ್ಡವು, ಕಡಲೆಗಿಂತ ತುಸು ಚಿಕ್ಕವು. ಅಂಥವನ್ನು ದಿನವಿಡೀ ಅಳೆಯುತ್ತ ಕೂತವಳಿಗೆ ತಾಳ್ಮೆ ಹೆಚ್ಚಿರಬೇಕು ಅಂತ ನೋಡಿದವರು ಅಂದುಕೊಳ್ಳುತ್ತಿದ್ದರು. ಅವಳ ತಾಳ್ಮೆಯೆಲ್ಲ ಆ ಭಾಗಗಳ ಮೇಲೇ ಖರ್ಚಾಗಿ ಮನುಷ್ಯರ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ.

ಅವಳ ಮೇಜಿನ ಮೇಲೆ ಒಂದು ಎಲ್‌ಸಿಆರ್ ಮೀಟರ್. ತಂತಿ ಸುತ್ತಿ ಮಾಡಿದ ಕಾಯಿಲ್ ಇಟ್ಟರೆ ಅದರ ಇಂಡಕ್ಟನ್ಸ್ ಎಷ್ಟು, ಕೆಪಾಸಿಟರ್ ಇಟ್ಟರೆ ಅದರ ಕೆಪಾಸಿಟನ್ಸ್ ಎಷ್ಟು ಅಂತ ಅದು ಹೇಳುತ್ತದೆ. ಆದರೆ ಅದು ಭಾಗವನ್ನಷ್ಟೇ ಅಳೆಯುವುದಿಲ್ಲ. ಭಾಗವನ್ನು ಹಿಡಿಯುವ ಫಿಕ್ಸ್ಚರನ್ನೂ, ಅದರ ತಂತಿಗಳನ್ನೂ ಸೇರಿಸಿಯೇ ಅಳೆಯುತ್ತದೆ. ಎಣ್ಣೆ ತೂಗುವವನು ಮೊದಲು ಖಾಲಿ ಡಬ್ಬ ತೂಗಿ ಆ ತೂಕ ಕಳೆಯುತ್ತಾನಲ್ಲ, ಹಾಗೆ ಇಲ್ಲೂ ಕಳೆಯಬೇಕು. ಅದೂ ಎರಡು ಸಲ. ಮೊದಲು ಫಿಕ್ಸ್ಚರಿನ ದವಡೆಗಳ ನಡುವೆ ಏನೂ ಇಡದೆ 'ಓಪನ್' ಒತ್ತಬೇಕು. ದವಡೆಗಳ ನಡುವಿನ ಗಾಳಿಯಲ್ಲೇ ಇರುವ ಚೂರುಪಾರು ಕೆಪಾಸಿಟನ್ಸನ್ನು ಮೀಟರ್ ಲೆಕ್ಕ ಹಿಡಿದು ಆಮೇಲೆ ಕಳೆಯುತ್ತದೆ. ನಂತರ ಎರಡು ದವಡೆಗಳನ್ನೂ ಲೋಹದಿಂದ ಜೋಡಿಸಿ 'ಶಾರ್ಟ್' ಒತ್ತಬೇಕು. ಹಾದಿಯಲ್ಲಿರುವ ಚೂರುಪಾರು ಇಂಡಕ್ಟನ್ಸೂ ರೆಸಿಸ್ಟನ್ಸೂ ಆಗ ಕಳೆದುಹೋಗುತ್ತವೆ. ದೊಡ್ಡ ಭಾಗಗಳಿಗೆ ಇದನ್ನು ಮರೆತರೂ ನಡೆದೀತು. ಚಿಕ್ಕವಕ್ಕೆ ಮರೆತರೆ ಎಣ್ಣೆಗಿಂತ ಡಬ್ಬವೇ ಭಾರ.

ಅಳತೆಯಕ್ಕ ಇದಕ್ಕೆ 'ಬಾಯಿ ಬಿಡಿಸೋದು, ಬಾಯಿ ಮುಚ್ಚಿಸೋದು' ಅಂತ ಹೆಸರಿಟ್ಟಿದ್ದಳು. ಬಂದವರೆಲ್ಲ ಈ ಮಾತು ಕೇಳಿ ಒಂದು ಸಲ ನಗುತ್ತಿದ್ದರು. ಎರಡನೇ ಸಲ ನಕ್ಕರೆ ಅವಳು ನೋಡುವ ನೋಟಕ್ಕೆ ಅವರ ಬಾಯಿಯೂ ಮುಚ್ಚುತ್ತಿತ್ತು. ಒಮ್ಮೆ ಮ್ಯಾನೇಜರೇ ತಮ್ಮ ಕೈಚಳಕ ತೋರಿಸಲು ಹೋಗಿ, ದವಡೆಯಲ್ಲಿ ಕೆಪಾಸಿಟರ್ ಇದ್ದಂತೆಯೇ ಓಪನ್ ಒತ್ತಿಬಿಟ್ಟಿದ್ದರು. ಮೀಟರ್ ಪಾಪ, ಆ ಕೆಪಾಸಿಟರನ್ನೇ ಖಾಲಿ ಡಬ್ಬ ಅಂತ ತಿಳಿದು, ಆಮೇಲೆ ಅದೇ ಜಾತಿಯ ಯಾವುದನ್ನಿಟ್ಟರೂ ಸೊನ್ನೆಯ ಹತ್ತಿರವೇ ತೋರಿಸಿತು. 'ಲಾಟೆಲ್ಲ ಸತ್ತಿದೆ' ಅಂತ ಅವರು ಘೋಷಿಸಿದರು. ಆ ಕಥೆಯನ್ನು ಅಳತೆಯಕ್ಕ ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದಳು. ಮೀಟರಿಗೆ ಸ್ವಂತ ಬುದ್ಧಿಯಿಲ್ಲ, ನೀವು ಯಾವುದನ್ನು ಸೊನ್ನೆ ಅಂತೀರೋ ಅದನ್ನೇ ನಂಬುತ್ತೆ ಅನ್ನುವುದು ಕಥೆಯ ಕೊನೆಯ ಮಾತು.

ಇಷ್ಟೆಲ್ಲ ಗೊತ್ತಿದ್ದವಳ ತಲೆ ಆ ವಾರ ಚಿಟ್ಟು ಹಿಡಿದುಹೋಗಿತ್ತು. ಕಾರಣ ಹೊರಗಿನವರಲ್ಲ, ಸ್ವಂತ ನಾದಿನಿ.

ಗಂಡನ ತಂಗಿ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಕಾಯಿಲ್ ಸುತ್ತುತ್ತಿದ್ದಳು. ಜೊತೆಗೆ ಅಕ್ಕಪಕ್ಕದ ಇಬ್ಬರು ಹೆಂಗಸರು. ಕಾರ್ಖಾನೆಯಿಂದ ಆ ಕೆಲಸ ಕೊಡಿಸಿದವಳು ಅಳತೆಯಕ್ಕನೇ, ಹಳೆಯ ಮೀಟರೊಂದನ್ನು ಹುಡುಕಿ ತಂದುಕೊಟ್ಟವಳೂ ಅವಳೇ. ಪಕ್ಕದಲ್ಲಿ ಕೂರಿಸಿಕೊಂಡು ಬಾಯಿ ಬಿಡಿಸುವುದು, ಮುಚ್ಚಿಸುವುದು ಎರಡನ್ನೂ ಹೇಳಿಕೊಟ್ಟಿದ್ದಳು. ಆ ಮೀಟರಿಗೆ ಫಿಕ್ಸ್ಚರ್ ಇರಲಿಲ್ಲ, ಉದ್ದ ತಂತಿಯ ತುದಿಗೆ ಎರಡು ಕ್ಲಿಪ್ಪು ಅಷ್ಟೇ. ಓಪನ್ ಮಾಡುವಾಗ ಕ್ಲಿಪ್ಪುಗಳ ನಡುವೆ ಕಾಯಿಲಿನಷ್ಟೇ ಅಂತರ ಬಿಡು, ಕೈ ದೂರ ಇಡು, ಶಾರ್ಟ್ ಮಾಡುವಾಗ ಒಂದು ಕ್ಲಿಪ್ಪು ಇನ್ನೊಂದನ್ನು ಕಚ್ಚಲಿ, ನಡುವೆ ಏನೂ ಬೇಡ ಅಂತ ಹೇಳಿಕೊಟ್ಟಿದ್ದನ್ನು ನಾದಿನಿ ಪಾಠದಂತೆ ಒಪ್ಪಿಸಿದ್ದಳು. ಅಂದಿನಿಂದ ಅವಳ ಕಾಯಿಲುಗಳು ಒಂದೇ ಒಂದು ಸಲವೂ ವಾಪಸಾಗಿರಲಿಲ್ಲ.

ಈಗ ಎರಡು ಸಲ ವಾಪಸಾಗಿದ್ದವು. ಐನೂರು ನ್ಯಾನೊಹೆನ್ರಿ ಇರಬೇಕಾದ ಕಾಯಿಲ್, ನೂರಕ್ಕೆ ಐದರಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ನಾದಿನಿಯ ಕಾಯಿಲುಗಳು ನಾನೂರ ಅರವತ್ತೈದರ ಆಸುಪಾಸು ತೋರಿಸಿದವು. ಒಂದಲ್ಲ ಎರಡಲ್ಲ, ತೆಗೆದದ್ದೆಲ್ಲ ಹಾಗೆಯೇ. ಮೊದಲ ಸಲ ಅಳತೆಯಕ್ಕ ಒಂದೊಂದರ ಅಳತೆ ಬರೆದ ಚೀಟಿ ಇಟ್ಟು ಸುಮ್ಮನೆ ವಾಪಸು ಕಳಿಸಿದಳು. ಎರಡು ದಿನಕ್ಕೆ ಅವೇ ಕಾಯಿಲುಗಳು ಅದೇ ಪೆಟ್ಟಿಗೆಯಲ್ಲಿ ಹಾಗೆ ಹಾಗೆಯೇ ಹಿಂದಿರುಗಿ ಬಂದವು. ಇಲ್ಲಿ ನೋಡಿದರೆ ಸರಿಯಾಗಿಯೇ ಇದೆ ಅತ್ತಿಗೆ, ಇನ್ನೊಂದು ಸಲ ನೋಡ್ತೀರಾ ಅಂತ ನಾದಿನಿ ಫೋನಿನಲ್ಲಿ ಕೇಳಿಕೊಂಡಳು.

ಅಳತೆಯಕ್ಕನಿಗೆ ಪಿತ್ತ ನೆತ್ತಿಗೇರಿತು. ತಾನೇ ಕಲಿಸಿದವಳು ತನಗೇ ಅಳೆಯಲು ಬರುವುದಿಲ್ಲ ಅನ್ನುವುದೇ? ಆದರೂ ನ್ಯಾಯಸ್ಥೆ ಅಂತ ಹೆಸರಿದ್ದದ್ದರಿಂದ ತನ್ನ ಮೀಟರನ್ನು ಒಮ್ಮೆ ಪರೀಕ್ಷಿಸಿದಳು. ಮೇಜಿನ ಡ್ರಾಯರಿನಲ್ಲಿ ಹತ್ತು ಪಿಕೋಫ್ಯಾರಡಿನ ನಂಬಿಕಸ್ತ ಕೆಪಾಸಿಟರ್ ಒಂದಿತ್ತು. ಅದನ್ನಿಟ್ಟಳು, ಹತ್ತೇ ಬಂತು. ಹತ್ತು ಪಿಕೋ ಅಂದರೆ ಎಷ್ಟು ಚಿಕ್ಕದು, ಓಪನ್ ಕೂದಲೆಳೆಯಷ್ಟು ತಪ್ಪಿದರೂ ಅದು ಕಿರಿಚಿಕೊಳ್ಳುತ್ತದೆ. ಅಂಥದ್ದೇ ಸರಿ ಬಂದ ಮೇಲೆ ಮೀಟರ್ ಸರಿಯಾಗಿದೆ ಅನ್ನುವುದರಲ್ಲಿ ಅವಳಿಗೆ ಅನುಮಾನ ಉಳಿಯಲಿಲ್ಲ. ಅವಳು ಪೆಟ್ಟಿಗೆಯನ್ನು ಎರಡನೇ ಸಲವೂ ವಾಪಸು ಕಳಿಸಿ, ಫೋನ್ ಎತ್ತಿಕೊಂಡು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯ್ತು ನಿನ್ನ ಕಥೆ ಅಂದಳು. ಆ ಹಳೇ ಡಬ್ಬ ಮೀಟರಿನ ಮುಂದೆ ಕೂತು ಅಳೆದರೆ ಇನ್ನೇನು ಬರುತ್ತೆ ಅಂತಲೂ ಅಂದಳು. ಆ ಡಬ್ಬ ತಂದುಕೊಟ್ಟವಳು ತಾನೇ ಅನ್ನುವುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ನಾದಿನಿ ಎದುರಾಡಲಿಲ್ಲ. 'ಸರಿ ಅತ್ತಿಗೆ' ಅಂದು ಫೋನ್ ಇಟ್ಟಳು.

ಕಾರ್ಖಾನೆಯ ನಿಯಮ ಎಲ್ಲರಿಗೂ ಗೊತ್ತು. ಒಬ್ಬರ ಮಾಲು ಮೂರನೇ ಸಲ ವಾಪಸಾದರೆ ಅವರ ಜೊತೆಗಿನ ವ್ಯವಹಾರ ಮುಗಿಯಿತು. ನಾದಿನಿಗೆ ಬೇರೆ ಗಿರಾಕಿ ಇಲ್ಲ. ವ್ಯವಹಾರ ಮುಗಿದರೆ ಹಿಂದಿನ ಕೋಣೆಗೆ ಬೀಗ, ಆ ಇಬ್ಬರು ಹೆಂಗಸರಿಗೂ ಬೇರೆ ದಾರಿ. ಇದನ್ನು ಅಳತೆಯಕ್ಕನಿಗೆ ದಿನಾ ನೆನಪಿಸಲು ಮನೆಯಲ್ಲಿ ಅತ್ತೆ ಇದ್ದರು. ಮುದುಕಿಗೆ ನ್ಯಾನೊಹೆನ್ರಿ ಅಂದರೆ ಏನು ಅಂತ ಗೊತ್ತಿರಲಿಲ್ಲ. ಆದರೆ ಅದು ಕಣ್ಣಿಗೆ ಕಾಣದಷ್ಟು ಚಿಕ್ಕದು ಅಂತ ಯಾರೋ ಹೇಳಿದ್ದರು. ಕಣ್ಣಿಗೇ ಕಾಣದ್ದಕ್ಕೆ ಮನೆಮಗಳ ಹೊಟ್ಟೆಯ ಮೇಲೆ ಹೊಡೆಯುತ್ತಾರಾ ಅಂತ ಅವರು ಒಲೆಯ ಕಡೆ ನೋಡಿಕೊಂಡು ಕೇಳುತ್ತಿದ್ದರು. ಸೊಸೆಯನ್ನು ಅಂದಂತೆಯೂ ಆಗಬಾರದು, ಅನ್ನದಂತೆಯೂ ಆಗಬಾರದು. ಗಂಡನೋ, ಎರಡೂ ಕಡೆಗೆ ತಲೆಯಾಡಿಸಿ ಊಟ ಮುಗಿಸಿ ಏಳುತ್ತಿದ್ದ. ಹತ್ತಿರದವಳು ಅಂತ ಮಾಲು ಒಪ್ಪಿಕೊಂಡರೆ ಕಾರ್ಖಾನೆಯಲ್ಲಿ ತನ್ನ ಮಾತಿಗೆ ಬೆಲೆ ಏನುಳಿಯುತ್ತೆ ಅಂತ ಅಳತೆಯಕ್ಕ ಒಳಗೊಳಗೇ ಕುದಿಯುತ್ತಿದ್ದಳು. ನಾದಿನಿಯ ಮೇಲೆ ಸಿಟ್ಟು, ಅತ್ತೆಯ ಮೇಲೆ ಸಿಟ್ಟು. ಈ ಕೆಲಸವನ್ನು ಮನೆಯವರಿಗೇ ಕೊಡಿಸಿದ ತನ್ನ ಮೇಲೂ ಸಿಟ್ಟು ಬರುತ್ತಿತ್ತು.

ಇವರೆಲ್ಲರಿಗಿಂತ ಹೆಚ್ಚಿನ ಸಿಟ್ಟು ಬೀಗಪ್ಪನ ಮೇಲಿತ್ತು.

ಬೀಗಪ್ಪ ಅಂದರೆ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುವವರು. ಹುಟ್ಟುಹೆಸರು ಬೇರೆ ಇತ್ತು, ಯಾರೂ ಬಳಸುತ್ತಿರಲಿಲ್ಲ. ಸೊಂಟದಲ್ಲಿ ಕೀಲಿಕೈ ಗೊಂಚಲು ಕಟ್ಟಿಕೊಂಡು ಅವರು ನಡೆದು ಬಂದರೆ ಮೆಟ್ಟಿಲ ಬುಡದಿಂದಲೇ ಸದ್ದು ಕೇಳುತ್ತಿತ್ತು. ಒಂದು ಸ್ಕ್ರೂ ಬೇಕಾದರೂ ಎರಡು ಸಹಿ ಕೇಳುವ ಪ್ರಾಣಿ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ಇವರನ್ನು ನೋಡಿಯೇ ಕಟ್ಟಿರಬೇಕು ಅಂತ ಕೆಳಗಿನ ಸಾಲಿನವರು ಆಡಿಕೊಳ್ಳುತ್ತಿದ್ದರು. ಕೆಲವು ವಾರಗಳ ಹಿಂದೆ ಸರಕಿನ ಲೆಕ್ಕ ನೋಡಲು ಮಹಡಿಗೆ ಬಂದವರು ಮೀಟರಿನ ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಪುಟ್ಟ ಡಬ್ಬಿ ತೆಗೆದು, ಮೇಲಿದ್ದ ಚೀಟಿ ಓದಿದರು. ಅದರಲ್ಲಿ ಫಿಕ್ಸ್ಚರಿಗೆ ಶಾರ್ಟ್ ಮಾಡುವ ತಗಡು ಇತ್ತು. ಎರಡು ದವಡೆಗಳಿಗೂ ಚಾಚಿಕೊಂಡು ಕೂರುವ ಅಗಲವಾದ, ಚಪ್ಪಟೆಯಾದ ತಗಡು. ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಚಿನ್ನದ ಲೇಪ ಕೊಟ್ಟಿದ್ದರು. ಚೀಟಿಯಲ್ಲಿ ಹಾಗಂತ ಬರೆದೂ ಇತ್ತು.

ಚಿನ್ನ ಅಂತ ಓದಿದ ಮೇಲೆ ಬೀಗಪ್ಪನನ್ನು ಹಿಡಿಯುವವರಿಲ್ಲ. ಬೆಲೆಬಾಳುವ ಸಾಮಾನು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಇರಬಾರದು ಅಂತ ಡಬ್ಬಿ ಎತ್ತಿಕೊಂಡು ಹೋಗಿ ಉಗ್ರಾಣದ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಜಡಿದರು. ಅದರ ಮೇಲಿರುವ ಚಿನ್ನ ಕೆರೆದರೆ ಮೂಗಿನ ನತ್ತಿಗೂ ಸಾಲದು ಅಂತ ಅಳತೆಯಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ದಿನಾ ಬೆಳಗ್ಗೆ ಮ್ಯಾನೇಜರ್ ಸಹಿ ತಂದರೆ ಕೊಡುತ್ತೇನೆ, ಸಂಜೆ ವಾಪಸು ಕೊಡಬೇಕು ಅಂದರು. ಮ್ಯಾನೇಜರ್ ಆಗ ಊರಲ್ಲಿ ಇರಲಿಲ್ಲ, ಒಂದು ಊರು ಬಿಟ್ಟು ಒಂದು ಊರು ತಿರುಗುತ್ತಿದ್ದರು. ಜಗಳ ದೊಡ್ಡದಾಯಿತು. ಕೊನೆಗೆ ಅಳತೆಯಕ್ಕ, ನಿಮ್ಮ ಚಿನ್ನ ನೀವೇ ಕಟ್ಟಿಕೊಂಡು ಮಲಗಿ, ಇನ್ನು ಅದನ್ನು ಕೇಳಿಕೊಂಡು ಉಗ್ರಾಣದ ಬಾಗಿಲಿಗೆ ಬಂದರೆ ನನ್ನ ಹೆಸರು ಬದಲಿಸಿ ಅಂತ ಆಣೆಯಿಟ್ಟಷ್ಟೇ ಗಟ್ಟಿಯಾಗಿ ಹೇಳಿ ಬಂದಳು.

ಹಟ ಗೆದ್ದಿತು, ಕೆಲಸ ನಿಲ್ಲುವಂತಿರಲಿಲ್ಲ. ತಾಮ್ರದ ತಂತಿಯ ಒಂದು ತುಂಡನ್ನು ಬೆರಳುದ್ದಕ್ಕೆ ಕತ್ತರಿಸಿ, ಎರಡು ತುದಿಗಳನ್ನು ಮಡಚಿ, ದವಡೆಗಳಿಗೆ ಸಿಕ್ಕಿಸುವಂತೆ ಕಮಾನು ಮಾಡಿಕೊಂಡಳು. ತಾಮ್ರ ತಾಮ್ರವೇ, ಬೆರಳುದ್ದ ತಂತಿ ಏನು ಮಾಡೀತು? ಇವತ್ತಿನ ಮಟ್ಟಿಗೆ ಸಾಕು ಅಂದುಕೊಂಡಳು. ಶಾರ್ಟ್ ಒತ್ತಿದಾಗ ಮೀಟರ್ ಸದ್ದಿಲ್ಲದೆ ಸರಿ ಅಂತ ಒಪ್ಪಿಕೊಂಡಿತು. ಆ ಇವತ್ತು ವಾರಗಟ್ಟಲೆ ನಡೆಯಿತು. ದೊಡ್ಡ ಕಾಯಿಲುಗಳು ಸರಿಯಾಗಿಯೇ ಹಾದುಹೋದವು, ಕೆಪಾಸಿಟರುಗಳು ಹಾದುಹೋದವು. ಕಮಾನು ಡ್ರಾಯರಿನಲ್ಲಿ ಕಾಯಂ ಆಯಿತು. ಕಾಯಿಲ್ ಅಂದರೂ ಬರೀ ತಂತಿಯೇ, ಸೊನ್ನೆ ಅಂತ ತಾನು ಮೀಟರಿಗೆ ತೋರಿಸುತ್ತಿರುವುದೂ ತಂತಿಯೇ ಅನ್ನುವುದು ಅವಳಿಗೆ ಹೊಳೆಯಲಿಲ್ಲ. ಹೊಳೆಯಬೇಕಿದ್ದ ಜಾಗದಲ್ಲಿ ಬೀಗಪ್ಪ ಕೂತಿದ್ದರು.

ಮೂರನೇ ಸಲ ನಾದಿನಿಯ ಪೆಟ್ಟಿಗೆ ಬಂದ ಬೆಳಗ್ಗೆ ಅಳತೆಯಕ್ಕ ಕೋಣೆಯ ಬಾಗಿಲು ಹಾಕಿಕೊಂಡಳು. ಮೀಟರ್ ಬಿಸಿಯಾಗಲು ಬಿಟ್ಟು, ದವಡೆಗಳನ್ನು ಬಟ್ಟೆಯಿಂದ ಒರೆಸಿ, ಖಾಲಿ ಬಿಟ್ಟು ಓಪನ್ ಮಾಡಿದಳು. ಕಮಾನು ಸಿಕ್ಕಿಸಿ ಶಾರ್ಟ್ ಮಾಡಿದಳು. ಮೊದಲ ಕಾಯಿಲ್ ಇಟ್ಟಳು. ಐನೂರ ಎರಡು. ಇನ್ನೊಂದು, ನಾನೂರ ತೊಂಬತ್ತೊಂಬತ್ತು. ಮತ್ತೊಂದು, ಐನೂರ ಒಂದು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಜೊತೆಗೆ ಒಂದಿಷ್ಟು ಜಂಬವೂ ಬಂತು. ಬೈದರೆ ಬುದ್ಧಿ ಬರುತ್ತೆ ಅನ್ನೋದು ಸುಳ್ಳಲ್ಲ ಅಂದುಕೊಂಡಳು. ಸಂಜೆ ಅತ್ತೆಯ ಮುಂದೆ ಏನು ಹೇಳಬೇಕು, ಯಾವ ದನಿಯಲ್ಲಿ ಹೇಳಬೇಕು ಅನ್ನುವುದನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡಳು. ಹಸಿರು ಚೀಟಿ ತೆಗೆದು ಪೆಟ್ಟಿಗೆಗೆ ಅಂಟಿಸಬೇಕು, ಅಷ್ಟರಲ್ಲಿ ಮೆಟ್ಟಿಲಲ್ಲಿ ಕೀಲಿಕೈ ಸದ್ದಾಯಿತು.

ಮ್ಯಾನೇಜರ್ ಹಿಂದಿನ ದಿನ ಊರಿಗೆ ಬಂದಿದ್ದರು. ಮೀಟರಿನ ಸಾಮಾನು ಬೀರುವಿನಲ್ಲಿ ಯಾಕಿದೆ ಅಂತ ಬೀಗಪ್ಪನಿಗೆ ಚೆನ್ನಾಗಿ ಬೈದಿದ್ದರಂತೆ. ಬೀಗಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು, ಮಗಳನ್ನು ಧಾರೆಯೆರೆಯುವವರ ಮುಖ ಮಾಡಿ ಮೇಜಿನ ಮೇಲಿಟ್ಟರು. ಕಳೆದುಹೋದರೆ ನಾನು ಜವಾಬ್ದಾರನಲ್ಲ ಅಂದರು. ಇಷ್ಟಕ್ಕೂ ಇದಿಲ್ಲದೆಯೂ ನಿಮ್ಮ ಕೆಲಸ ನಡೀತಲ್ಲ, ಸುಮ್ಮನೆ ಅಷ್ಟೊಂದು ಕೂಗಾಡಿದಿರಿ ಅಂತಲೂ ಸೇರಿಸಿದರು.

ಅಳತೆಯಕ್ಕ ಅವರಿಗೆ ತಗಡಿನ ಉಪಯೋಗ ಏನು ಅಂತ ತೋರಿಸಿಯೇ ಕಳಿಸುವುದು ಅಂತ ತೀರ್ಮಾನಿಸಿದಳು. ಅವರನ್ನು ಹತ್ತಿರ ಕರೆದು, ತಗಡನ್ನು ಇಕ್ಕಳದಿಂದ ಎತ್ತಿ ಎರಡು ದವಡೆಗಳಿಗೂ ಅಡ್ಡವಾಗಿಟ್ಟು ಒತ್ತಿದಳು. ಇದು ಇದ್ದಾಗ ಮೀಟರ್ ಸೊನ್ನೆ ತೋರಿಸಬೇಕು, ನೋಡಿ ಅಂದಳು.

ಬೀಗಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಮೈನಸ್ ಮೂವತ್ತಾರು ಅಂತಿದೆಯಲ್ಲಮ್ಮ."

ಇಲ್ಲ ಅಂದಳು ಅವಳು. ತಗಡು ತೆಗೆದು ಮತ್ತೆ ಇಟ್ಟಳು. ಮೈನಸ್ ಮೂವತ್ತಾರೇ. ದವಡೆ ಒರೆಸಿ ಇಟ್ಟಳು, ಅದೇ ಬಂತು. ಯಾವ ಲೋಹದ ಚೂರಿಗೂ ಇಂಡಕ್ಟನ್ಸ್ ಸೊನ್ನೆಗಿಂತ ಕಡಿಮೆ ಇರಲು ಸಾಧ್ಯವಿಲ್ಲ. ತಗಡಿನ ಜಾಗದಲ್ಲಿ ಮೀಟರ್ ಮೂವತ್ತಾರು ಕಳೆದು ತೋರಿಸುತ್ತಿದೆ ಅಂದರೆ, ಬೇರೆ ಯಾವುದೋ ಮೂವತ್ತಾರನ್ನು ಸೊನ್ನೆ ಅಂತ ಯಾರೋ ಅದಕ್ಕೆ ಹೇಳಿಕೊಟ್ಟಿದ್ದಾರೆ. ಯಾರು ಅಂತ ಹುಡುಕಲು ಅವಳು ದೂರ ಹೋಗಬೇಕಿರಲಿಲ್ಲ. ತಾಮ್ರದ ಕಮಾನು ಮೊಣಕೈ ಪಕ್ಕದಲ್ಲೇ ಬಿದ್ದಿತ್ತು.

ಬೀಗಪ್ಪ ಅಂದದ್ದೇನೂ ಆಮೇಲೆ ಅವಳ ಕಿವಿಗೆ ಬೀಳಲಿಲ್ಲ. ಅವರು ಹೋದದ್ದೂ ತಿಳಿಯಲಿಲ್ಲ.

ಅವಳು ಮೊದಲಿನಿಂದ ಶುರುಮಾಡಿದಳು. ಖಾಲಿ ದವಡೆಗೆ ಓಪನ್, ಚಿನ್ನದ ತಗಡಿಗೆ ಶಾರ್ಟ್. ಆಗತಾನೇ ಐನೂರ ಒಂದು ತೋರಿಸಿದ್ದ ಕಾಯಿಲನ್ನು ಇಟ್ಟಳು. ಐನೂರ ಮೂವತ್ತೇಳು. ಮಿತಿಯಿಂದ ಹೊರಗೆ. ಇನ್ನೊಂದನ್ನು ಇಟ್ಟಳು, ಅದೂ ಹೊರಗೆ. ಮೊದಲ ಸಲ ವಾಪಸು ಕಳಿಸುವಾಗ ಮಾದರಿಗೆ ಅಂತ ಎತ್ತಿಟ್ಟುಕೊಂಡಿದ್ದ ಒಂದು ಕಾಯಿಲ್ ಅವಳ ಬಳಿ ಇತ್ತು. ತಾನೇ ಕೆಂಪು ಚೀಟಿ ಕಟ್ಟಿದ್ದ ಕಾಯಿಲ್. ಅದನ್ನು ಬಿಚ್ಚಿ ಇಟ್ಟಳು.

ಐನೂರ ಒಂದು.

ನಾದಿನಿಯ ಕಾಯಿಲುಗಳು ಮೊದಲ ದಿನದಿಂದಲೇ ಸರಿಯಿದ್ದವು. ಹಳೆಯ ಡಬ್ಬ ಸರಿಯಾಗಿಯೇ ಹೇಳಿತ್ತು, ಯಾಕೆಂದರೆ ಅಲ್ಲಿ ಕ್ಲಿಪ್ಪು ಕ್ಲಿಪ್ಪನ್ನೇ ಕಚ್ಚಿತ್ತು, ನಡುವೆ ಏನೂ ಇರಲಿಲ್ಲ. ಸರಿಯಿದ್ದವನ್ನು ಇವಳು ಎರಡು ಸಲ ತಪ್ಪು ಅಂದಳು. ಈಗ ನಾದಿನಿ ಈ ಕಾಯಿಲುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಸುತ್ತುಗಳನ್ನು ಒತ್ತಿ ಒತ್ತಿ ಹತ್ತಿರ ತಂದು, ಅತ್ತಿಗೆಯ ಸುಳ್ಳು ಐನೂರಕ್ಕೆ ಹೊಂದಿಸಿ ಕಳಿಸಿದ್ದಾಳೆ. ಸುತ್ತುಗಳು ಹತ್ತಿರವಾದಷ್ಟೂ ಇಂಡಕ್ಟನ್ಸ್ ಏರುತ್ತದೆ ಅಂತ ಕಲಿಸಿದವಳೂ ಅಳತೆಯಕ್ಕನೇ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಾಗ ಹಳೆಯದಕ್ಕೂ ಹೊಸದಕ್ಕೂ ಇದ್ದ ವ್ಯತ್ಯಾಸ ಬರಿಗಣ್ಣಿಗೇ ಕಂಡಿತು. ಹಳೆಯದರಲ್ಲಿ ಸುತ್ತು ಸುತ್ತಿನ ನಡುವೆ ಸಮನಾದ ಸಂದು. ಹೊಸದರ ಮೇಲೆ ಉಗುರಿನ ಗುರುತು. ಆ ಕತ್ತೆ ಕೆಪಾಸಿಟರಿನ ಮಾತು ಕೇಳಿ ಮೋಸಹೋದೆ ಅಂತ ಬೈದುಕೊಂಡಳು. ಕೆಪಾಸಿಟರಿನ ತಪ್ಪೇನೂ ಇರಲಿಲ್ಲ. ಓಪನ್ ಸರಿಯೇ ಅಂತ ಕೇಳಿದ್ದಳು, ಸರಿ ಅಂತ ಅದು ಹೇಳಿತ್ತು. ಅಷ್ಟು ಚಿಕ್ಕ ಕೆಪಾಸಿಟರಿಗೆ ಬೆರಳುದ್ದ ತಂತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಶಾರ್ಟಿನ ಸುದ್ದಿ ಅದನ್ನು ಕೇಳಬಾರದಿತ್ತು.

ಹಸಿರು ಚೀಟಿ ಇನ್ನೂ ಕೈಯಲ್ಲೇ ಇತ್ತು. ಅಂಟಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಯೋಚನೆ ಬಂದೇ ಬಂತು. ನಾದಿನಿಯ ಹೆಸರು ಉಳಿಯುತ್ತದೆ, ತನ್ನ ಹೆಸರೂ ಉಳಿಯುತ್ತದೆ, ಅತ್ತೆಯ ಒಲೆಯ ಮಾತೂ ನಿಲ್ಲುತ್ತದೆ. ಆದರೆ ಕೆಳಗಿನ ಸಾಲಿನಲ್ಲಿ ಈ ಕಾಯಿಲುಗಳು ಕೂತ ರಿಸೀವರುಗಳು ಒಂದೂ ಸರಿಯಾದ ತರಂಗಕ್ಕೆ ಹೊಂದುವುದಿಲ್ಲ. ಆಗ ಬೈಗುಳವೆಲ್ಲ ಸುತ್ತಿದವಳ ತಲೆಗೇ ಕಟ್ಟುತ್ತಾರೆ. ಇಲ್ಲಿ ಕೆಂಪು ಚೀಟಿ ಅಂಟಿಸಿದರೂ ಅವಳ ತಲೆಗೇ. ಹೇಗೆ ತಿರುಗಿಸಿದರೂ ಏಟು ತಿನ್ನುವವಳು ನಾದಿನಿಯೇ ಆಗುವಂತೆ ತಾನು ಕಟ್ಟಿಟ್ಟಿದ್ದೇನೆ ಅಂತ ಅನ್ನಿಸಿ ಅಳತೆಯಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಚೀಟಿಯನ್ನು ಉಂಡೆ ಮಾಡಿ ಬುಟ್ಟಿಗೆಸೆದು ಮ್ಯಾನೇಜರ್ ಕೋಣೆಗೆ ಹೋದಳು.

ಮ್ಯಾನೇಜರ್ ಅರ್ಧ ಕೇಳಿ, ಮೂರನೇ ಸಲವೂ ಹೊರಗೆ ಅಂದರೆ ವ್ಯವಹಾರ ಮುಗಿಸೋಣ, ನಿಮ್ಮ ಮನೆಯವರು ಅಂತ ನನಗೂ ಸಂಕಟವೇ ಅಂದರು. ಅವಳು ಮತ್ತೆ ಹೇಳಿದಳು. ಅವರು ಇನ್ನೊಂದು ಅರ್ಧ ಕೇಳಿ, ಹಾಗಾದರೆ ತಪ್ಪು ಬೀಗಪ್ಪನದು ತಾನೇ ಅಂದರು. ಬೀಗಪ್ಪನ ತಲೆಗೆ ಕಟ್ಟಲು ಇಷ್ಟು ಒಳ್ಳೆಯ ಅವಕಾಶ ಅವಳ ಜನ್ಮದಲ್ಲಿ ಮತ್ತೆ ಬರುವಂತಿರಲಿಲ್ಲ. ನಾಲಗೆಯ ತುದಿಯವರೆಗೂ ಬಂದಿತ್ತು.

"ಬೀಗ ಹಾಕಿದ್ದು ಅವರು ಸರ್, ತಂತಿ ಬಗ್ಗಿಸಿದ್ದು ನಾನು," ಅಂದಳು. "ಎರಡು ಸಲ ವಾಪಸ್ ಕಳಿಸಿದ್ದೂ ನಾನೇ. ಮಾಲು ಸರಿಯಿತ್ತು. ಆ ಎರಡನ್ನೂ ಅವಳ ಲೆಕ್ಕದಿಂದ ತೆಗೀರಿ."

ಮ್ಯಾನೇಜರ್, ಕೆಪಾಸಿಟರ್ ಇಟ್ಟು ಓಪನ್ ಒತ್ತಿದವನ ಕಥೆ ಇನ್ನು ಮೇಲೆ ಸ್ವಲ್ಪ ಕಡಿಮೆ ಹೇಳ್ತೀರಾ ಅಂತ ಕೇಳಿದರು. ಹೇಳೋದಿಲ್ಲ ಅಂದಳು. ತೆಗೆಯುತ್ತೇನೆ, ಆದರೆ ಸಾಲು ನಿಂತಿದೆ, ನಾಳೆ ಬೆಳಗ್ಗೆ ಸರಿಯಾದ ಕಾಯಿಲ್ ಬೇಕು ಅಂತ ಅವರು ಫೈಲಿನ ಕಡೆ ತಿರುಗಿಕೊಂಡರು.

ಪೆಟ್ಟಿಗೆಯನ್ನು ಬಗಲಲ್ಲಿ ಹಿಡಿದು ಅವಳು ಮಧ್ಯಾಹ್ನವೇ ನಾದಿನಿಯ ಮನೆಗೆ ಹೋದಳು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಇಬ್ಬರು ಹೆಂಗಸರು ಊಟಕ್ಕೆ ಹೋಗಿದ್ದರು. ನಾದಿನಿ ಒಬ್ಬಳೇ ಕಿಟಕಿಯ ಬಳಿ ಕೂತು ತಂತಿಯ ತುದಿಯ ಬಣ್ಣ ಕೆರೆಯುತ್ತಿದ್ದಳು. ಅತ್ತೆ ಮೂಲೆಯ ಕುರ್ಚಿಯಲ್ಲಿದ್ದರು, ಅವರ ಮಧ್ಯಾಹ್ನವೆಲ್ಲ ಕಳೆಯುವುದು ಮಗಳ ಮನೆಯಲ್ಲೇ. ಪೆಟ್ಟಿಗೆ ನೋಡಿದ ಕೂಡಲೇ ನಾದಿನಿಯ ಕೈ ನಿಂತಿತು. ಅತ್ತೆ, ಮುಗಿಸಿ ಬಂದೆಯೇನಮ್ಮ ಅಂದರು.

ಅಳತೆಯಕ್ಕ ನಿಂತೇ ಎಲ್ಲ ಹೇಳಿದಳು. ಬೀಗಪ್ಪನ ಬೀಗ, ತನ್ನ ಹಟ, ತಂತಿಯ ಕಮಾನು, ಮೈನಸ್ ಮೂವತ್ತಾರು. ಮೊದಲ ಸಲ ಬಂದ ಕಾಯಿಲ್ ಇವತ್ತು ಐನೂರ ಒಂದು ತೋರಿಸಿತು ಅಂತಲೂ ಹೇಳಿದಳು. ನಾದಿನಿ ಅಳಬಹುದು ಅಥವಾ ಹೋಗಲಿ ಬಿಡಿ ಅತ್ತಿಗೆ ಅನ್ನಬಹುದು ಅಂತ ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ನಾದಿನಿ ಎರಡನ್ನೂ ಮಾಡಲಿಲ್ಲ.

"ನನಗೆ ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ನಂದು ಸರಿ ಇದೆ ಅಂತ. ಮೊದಲನೇ ಸಲ ವಾಪಸ್ ಬಂದಾಗ ಎಷ್ಟು ಸಲ ಅಳೆದೆ ಅಂತ ಲೆಕ್ಕ ಇಲ್ಲ. ಪ್ರತಿ ಸಲ ಓಪನ್ ಮಾಡ್ದೆ, ಶಾರ್ಟ್ ಮಾಡ್ದೆ. ನೀವು ಹೇಳಿಕೊಟ್ಟ ಹಾಗೇ. ಎಲ್ಲದರಲ್ಲೂ ನಿಮಗೂ ನನಗೂ ಅದೇ ಮೂವತ್ತೈದು ಮೂವತ್ತಾರು ವ್ಯತ್ಯಾಸ. ಕೆಲಸ ಕೆಟ್ಟಿದ್ರೆ ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ ಇರಬೇಕಿತ್ತು. ಎಲ್ಲದರಲ್ಲೂ ಅಷ್ಟೇ ಅಂದ್ರೆ ತಪ್ಪು ಕಾಯಿಲಲ್ಲಿಲ್ಲ ಅಂತ ಗೊತ್ತಾಯ್ತು."

ಅಳತೆಯಕ್ಕ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು. ಈ ಮಾತು ತನಗೆ ಹೊಳೆಯಬೇಕಿತ್ತು. "ಗೊತ್ತಿದ್ದೂ ಯಾಕೆ ಒತ್ತಿದೆ? ಸರಿ ಇದ್ದದ್ದನ್ನ ನಿನ್ನ ಕೈಯಾರೆ ಯಾಕೆ ಕೆಡಿಸಿದೆ?"

ನಾದಿನಿ ಕೆರೆಯುತ್ತಿದ್ದ ತಂತಿಯನ್ನು ಕೆಳಗಿಟ್ಟಳು. "ಹೇಳಿದ್ನಲ್ಲ ಅತ್ತಿಗೆ ಒಂದು ಸಲ. ನೆಲ ಡೊಂಕು ಅಂದ್ರಿ. ನನಗೆ ಅಳೆಯೋದು ಕಲಿಸಿದ್ದು ನೀವು. ನೀವು ತಪ್ಪು ಅಂತ ನಾನು ಯಾರ ಹತ್ರ ಹೋಗಿ ಹೇಳಲಿ? ನಿಮ್ಮ ಮೀಟರಲ್ಲಿ ಐನೂರು ಬರಲಿ ಅಂತ, ಇಲ್ಲಿ ಐನೂರ ಮೂವತ್ತಾರು ತೋರಿಸೋವರೆಗೂ ಒತ್ತಿದೆ. ಒಂದೊಂದು ಒತ್ತುವಾಗ್ಲೂ ಇದು ಕೆಡ್ತಿದೆ ಅಂತ ಗೊತ್ತಿತ್ತು."

ನಾದಿನಿ ತನ್ನ ಮುಖಕ್ಕೆ ನೇರವಾಗಿ ಬೈದಿದ್ದರೆ ಅಳತೆಯಕ್ಕನಿಗೆ ಇಷ್ಟು ನೋಯುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಯಾರೂ ಎದುರಾಡದ್ದನ್ನು ಅವಳು ಇಷ್ಟು ದಿನ ತನ್ನ ಅಳತೆಗೆ ಸಿಕ್ಕ ಮರ್ಯಾದೆ ಅಂದುಕೊಂಡಿದ್ದಳು. ಇನ್ನೆಷ್ಟು ಜನ ಹೀಗೆ ಸರಿಯಿದ್ದದ್ದನ್ನು ಒತ್ತಿ ಕೆಡಿಸಿ ತನ್ನ ಕೈಗೆ ಕೊಟ್ಟಿದ್ದಾರೋ.

"ತಪ್ಪಾಯ್ತು ಕಣೆ," ಅಂದಳು. ಈ ಮಾತು ಅವಳ ಬಾಯಿಂದ ಬಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು, ಸರಿಯಾಗಿ ಕೇಳಿಸಿತೇ ಅನ್ನುವ ಅನುಮಾನದಲ್ಲಿ.

ನಾದಿನಿ ಪೆಟ್ಟಿಗೆ ಎಳೆದುಕೊಂಡು ಒಂದು ಕಾಯಿಲ್ ತೆಗೆದು, ಬಿದಿರಿನ ಚೂಪು ಕಡ್ಡಿಯನ್ನು ಸುತ್ತುಗಳ ನಡುವೆ ಹಾಕಿ ಮೆಲ್ಲಗೆ ಬಿಡಿಸತೊಡಗಿದಳು. ಆಮೇಲೆ ಹಳೆಯ ಮೀಟರಿನ ಕ್ಲಿಪ್ಪುಗಳನ್ನು ಕಾಯಿಲಿನಷ್ಟು ದೂರಕ್ಕಿಟ್ಟು, ಕೈ ಹಿಂದಕ್ಕೆಳೆದು ಓಪನ್ ಒತ್ತಿದಳು. ಒಂದರ ಬಾಯಿಗೆ ಇನ್ನೊಂದನ್ನು ಕಚ್ಚಿಸಿ ಶಾರ್ಟ್ ಒತ್ತಿದಳು. ಬಿಡಿಸಿದ ಕಾಯಿಲನ್ನು ಹಿಡಿಸಿದಾಗ ಐನೂರ ಆರು ಬಂತು. ಕಡ್ಡಿಯಿಂದ ಇನ್ನೊಂಚೂರು ಬಿಡಿಸಿದಳು. ಐನೂರಕ್ಕೆ ಇಳಿಯಿತು.

ಅಳತೆಯಕ್ಕ ಸೀರೆಯ ಸೆರಗು ಸಿಕ್ಕಿಸಿಕೊಂಡು, ನಾನೂ ಕೂರುತ್ತೇನೆ, ಇನ್ನೊಂದು ಕಡ್ಡಿ ಕೊಡು ಅಂದಳು. ಬೇಡ ಅಂದಳು ನಾದಿನಿ. ಉಳಿದ ಇಬ್ಬರು ಈಗ ಬರುತ್ತಾರೆ, ಸಂಜೆಯೊಳಗೆ ಆಗುತ್ತದೆ, ಬೆಳಗ್ಗೆ ಪೆಟ್ಟಿಗೆ ಕಳಿಸುತ್ತೇನೆ ಅಂದಳು. ದನಿಯಲ್ಲಿ ಮುನಿಸಿತ್ತು, ಅದನ್ನು ಮುಚ್ಚಿಡುವ ಪ್ರಯತ್ನವೂ ಇರಲಿಲ್ಲ. ಅಳತೆಯಕ್ಕ ಹೊಸಿಲ ಬಳಿ ಹೋಗಿ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ಕರೆದಳು.

"ಅತ್ತಿಗೆ, ಇನ್ಮೇಲೆ ನಿಮ್ಮ ನಂಬರು ನನ್ನ ನಂಬರು ಬೇರೆ ಬಂದ್ರೆ ವಾಪಸ್ ಕಳಿಸೋಕೆ ಮುಂಚೆ ಇಲ್ಲಿಗೆ ಬನ್ನಿ. ಬಂದು ನನ್ನ ಹತ್ರ ಜಗಳ ಆಡಿ. ನಾನೂ ಆಡ್ತೀನಿ."

ಅಳತೆಯಕ್ಕ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು, ಕೇಳದೆಯೇ ಬೆಂಚಿನ ಮೇಲಿದ್ದ ಇನ್ನೊಂದು ಕಡ್ಡಿ ತೆಗೆದುಕೊಂಡು ಎದುರಿಗೆ ಕೂತಳು. ನಾದಿನಿ ಅವಳ ಕೈಯಲ್ಲಿದ್ದ ಕಾಯಿಲನ್ನೇ ನೋಡಿ, ಹಾಗಲ್ಲ, ಅಷ್ಟು ಜೋರಾಗಿ ಬಿಡಿಸಬೇಡಿ ಅಂದಳು. ಅಳತೆಯಕ್ಕ ಏನೋ ಅನ್ನಲು ಬಾಯಿ ತೆರೆದು, ಸುಮ್ಮನಾಗಿ, ಅವಳು ಹೇಳಿದಂತೆ ಮೆಲ್ಲಗೆ ಬಿಡಿಸಿದಳು.